‘ನೀವು’ ಎಂಬ ಸುಲಭದ ಮರ್ಯಾದೆ

ಮ್ಯಾನೇಜರ್ ಇಂಗ್ಲಿಷಿನಲ್ಲಿ ಬರೆದ ಇ-ಮೇಲನ್ನು ಕನ್ನಡಕ್ಕೆ ತರಲು ಕೂತವರಿಗೆ ಸಿಗುವ ಉಪದೇಶ ಹೆಚ್ಚುಕಡಿಮೆ ಒಂದೇ. ಎಲ್ಲ ಕಡೆ ‘ನೀವು’ ಹಾಕಿ, ಕ್ರಿಯಾಪದವನ್ನು ಬಹುವಚನಕ್ಕೆ ತನ್ನಿ, ಮುಂದೊಂದು ‘ದಯವಿಟ್ಟು’ ಇಡಿ. ಮರ್ಯಾದೆಯ ಮಾತು ಅಲ್ಲಿಗೆ ಮುಗಿಯಿತು. ಅನುವಾದದ ತರಗತಿಗಳಲ್ಲಿ ಇದೇ ಪಾಠ, ಕಚೇರಿಯ ಹಿರಿಯರದೂ ಇದೇ ಮಾತು. ಈ ಉಪದೇಶ ತಪ್ಪು ಎನ್ನುವುದಿಲ್ಲ. ಆದರೆ ಎಲ್ಲರೂ ಒಪ್ಪಿಕೊಂಡಿರುವ ಒಂದು ಸಂಗತಿಯನ್ನೇ ದೊಡ್ಡ ನಿರ್ಧಾರವೆಂಬಂತೆ ಮುಂದಿಡುವುದರಿಂದ, ನಿಜವಾದ ನಿರ್ಧಾರಗಳು ಎಲ್ಲಿವೆ ಎಂಬುದನ್ನೇ ಇದು ಮರೆಸುತ್ತದೆ ಎಂಬುದು ನನ್ನ ತಕರಾರು.

ಈ ಉಪದೇಶಕ್ಕೆ ಎರಡು ಬೇರುಗಳಿವೆ, ಎರಡಕ್ಕೂ ಗೌರವ ಸಲ್ಲಬೇಕು. ಒಂದು ಶಾಸ್ತ್ರದ್ದು. 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್‌ಮನ್ ಯುರೋಪಿನ ಭಾಷೆಗಳನ್ನು ಮುಂದಿಟ್ಟುಕೊಂಡು ಬರೆದ ಪ್ರಬಂಧವು ಮಧ್ಯಮ ಪುರುಷ ಸರ್ವನಾಮಗಳನ್ನು ಅಧಿಕಾರ ಮತ್ತು ಆತ್ಮೀಯತೆ ಎಂಬ ಎರಡು ಅಳತೆಗಳಲ್ಲಿ ವಿವರಿಸಿತು. ಅಂದಿನಿಂದ ‘ನೀನು–ನೀವು’ ಜೋಡಿಯನ್ನು ಫ್ರೆಂಚ್, ಜರ್ಮನ್ ಜೋಡಿಗಳ ತಮ್ಮನಂತೆ ನೋಡುವುದು ನಮಗೂ ರೂಢಿಯಾಯಿತು. ಇನ್ನೊಂದು ಬೇರು ನಮ್ಮದೇ ನೆಲದ್ದು, ಇನ್ನೂ ಆಳದ್ದು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಕೂಲಿಯವನು ‘ಬುದ್ಧಿ’ ಎಂದು ಕೈಮುಗಿದರೆ ಒಡೆಯನಿಂದ ‘ಲೇ’ ಎಂಬ ಉತ್ತರ ಬರುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ವಿಧಾನಸಭೆಯಲ್ಲಿ ಜಗಳವಾದರೆ ‘ಏಕವಚನದಲ್ಲಿ ಮಾತಾಡಬೇಡಿ’ ಎನ್ನುತ್ತಾರೆ. ಪತ್ರಿಕೆ ಅದನ್ನು ‘ಏಕವಚನದಲ್ಲಿ ನಿಂದಿಸಿದರು’ ಎಂದು ವರದಿ ಮಾಡುತ್ತದೆ. ವ್ಯಾಕರಣದ ವಚನವೊಂದು ನಮ್ಮಲ್ಲಿ ಬೈಗುಳದ ಹೆಸರಾಗಿದೆ. ಆದ್ದರಿಂದ ಕೆಲಸದ ಜಾಗದಲ್ಲಿ, ಬರಹದಲ್ಲಿ, ದುಡಿಯುವ ಯಾರಿಗೇ ಆದರೂ ‘ನೀವು’ ಎಂಬುದು ಹೋರಾಡಿ ಗಳಿಸಿದ ಹಕ್ಕು. ಅದನ್ನು ಬಿಟ್ಟುಕೊಡುವ ಮಾತು ನನ್ನದಲ್ಲ.

ಆದರೆ ಹಕ್ಕಾಗಿ ದಕ್ಕಿದ್ದು ಅಲ್ಲಿಗೆ ಆಯ್ಕೆಯಾಗಿ ಉಳಿಯುವುದಿಲ್ಲ. ಆಯ್ಕೆ ಇಲ್ಲದ ಕಡೆ ಧ್ವನಿಯೂ ಇರುವುದಿಲ್ಲ. ಅನುಮಾನವಿದ್ದರೆ ಸರ್ಕಾರಿ ಕಚೇರಿಯ ಕಾರಣ ಕೇಳುವ ನೋಟಿಸನ್ನು ಓದಿ. ‘ಶ್ರೀ ಇಂಥವರಾದ ನೀವು, ಇಂಥ ದಿನಾಂಕದಂದು ಕರ್ತವ್ಯಕ್ಕೆ ಗೈರುಹಾಜರಾಗಿ ಕರ್ತವ್ಯಲೋಪ ಎಸಗಿರುತ್ತೀರಿ’ ಎನ್ನುವ ಧಾಟಿ ಅಲ್ಲಿರುತ್ತದೆ. ವ್ಯಾಕರಣದ ಲೆಕ್ಕದಲ್ಲಿ ಹೆಸರಿನ ಹಿಂದೆ ಶ್ರೀ ಇದೆ, ಸರ್ವನಾಮ ನೀವು, ಕ್ರಿಯಾಪದ ಬಹುವಚನ. ಮರ್ಯಾದೆಯ ಮೂರೂ ಗುರುತುಗಳಿದ್ದರೂ ಅದನ್ನು ಕೈಯಲ್ಲಿ ಹಿಡಿದವನ ಕಾಲಡಿ ನೆಲ ಕುಸಿಯುತ್ತದೆ. ‘ನೀವು’ ಎಂಬುದೇ ಗೌರವವಾಗಿದ್ದರೆ ನೋಟಿಸಿಗಿಂತ ಗೌರವದ ಬರಹ ಬೇರೆ ಇರುತ್ತಿರಲಿಲ್ಲ. ಹಾಗಾದರೆ ಕನ್ನಡದ ಪತ್ರದಲ್ಲಿ ಹತ್ತಿರ–ದೂರ, ಮೇಲು–ಕೆಳಗುಗಳನ್ನು ತೀರ್ಮಾನಿಸುವುದು ಬೇರೆ ಏನೋ ಇರಬೇಕು.

ಅದನ್ನು ಒಂದು ಮಾದರಿ ಪತ್ರದಲ್ಲೇ ಹುಡುಕೋಣ. ಜಾಗ ಮೈಸೂರಿನ ಚಾಮುಂಡಿ ಬೆಟ್ಟ. ಆಷಾಢ ಶುಕ್ರವಾರಗಳಂದು ಬೆಟ್ಟಕ್ಕೆ ಜನ ಹೇಗೆ ಬರುತ್ತಾರೆ ಎಂದು ಮೈಸೂರಿನವರಿಗೆ ಹೇಳಬೇಕಿಲ್ಲ. ಈಚಿನ ವರ್ಷಗಳಲ್ಲಿ ಆ ದಿನ ಖಾಸಗಿ ವಾಹನಗಳನ್ನು ಕೆಳಗೇ ತಡೆದು, ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಿಂದ ಸಾರಿಗೆ ಬಸ್ಸಿನಲ್ಲಿ ಭಕ್ತರನ್ನು ಮೇಲಕ್ಕೆ ಕಳಿಸುತ್ತಾರೆ. ಹರಕೆ ಹೊತ್ತವರು ದೊಡ್ಡ ದೇವರಾಜ ಒಡೆಯರ ಕಾಲದ ಆ ಸಾವಿರ ಮೆಟ್ಟಿಲನ್ನೇ ಹತ್ತುತ್ತಾರೆ. ಇಂಥ ದಿನಗಳಲ್ಲಿ ಕಸ ಎತ್ತುವುದು, ಸಾಲು ನಿಲ್ಲಿಸುವುದು, ಚಪ್ಪಲಿ ಕಾಯುವುದು ಎಂದು ಹೆಚ್ಚುವರಿ ಕೈಗಳು ಬೇಕಾಗುತ್ತವೆ. ಆಳುಗಳನ್ನು ಒದಗಿಸುವ ಒಂದು ಖಾಸಗಿ ಸಂಸ್ಥೆ ಇದೆ ಎಂದಿಟ್ಟುಕೊಳ್ಳೋಣ. ಅದರ ಮ್ಯಾನೇಜರಿಗೆ ವಯಸ್ಸು ಮೂವತ್ತು, ಇರುವುದು ಬೆಂಗಳೂರಿನಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ. ಮೆಟ್ಟಿಲ ಕಡೆಯ ಸೂಪರ್‌ವೈಸರಿಗೆ ಐವತ್ತೆಂಟು, ಹೆಸರು ಮಹದೇವ ಎಂದಿರಲಿ. ಅವರ ಕೈಕೆಳಗಿನ ಹುಡುಗನೊಬ್ಬ ರಮೇಶ. ನಡುವೆ ಕೂತಿರುವವರು ಅನುವಾದಕರು.

ಪತ್ರ ಚಿಕ್ಕದು. ‘ಹಾಯ್ ಮಹದೇವ, ಹೋಪ್ ಯು ಆರ್ ಡೂಯಿಂಗ್ ವೆಲ್’ ಎಂದು ಶುರುವಾಗುತ್ತದೆ. ಶುಕ್ರವಾರ ಬೆಳಿಗ್ಗೆ ಐದರೊಳಗೆ ಮೆಟ್ಟಿಲ ಬುಡದಲ್ಲಿ ‘ಐ ನೀಡ್ ಯು’ ಎನ್ನುತ್ತದೆ. ಹೋದ ವಾರ ರಮೇಶ್ ತಡವಾಗಿ ಬಂದ ವಿಷಯ ಎತ್ತಿ, ‘ಪ್ಲೀಸ್ ಟಾಕ್ ಟು ಹಿಮ್’ ಎನ್ನುತ್ತದೆ. ಹೆಡ್ ಆಫೀಸಿನ ಮೇಡಂ ಬರಬಹುದು, ಹಾಜರಿ ಪುಸ್ತಕ ನೋಡಬಹುದು ಎಂದು ಎಚ್ಚರಿಸುತ್ತದೆ. ಬರಲಾಗದಿದ್ದರೆ ತಿಳಿಸಿ ಎಂದು ಕೇಳಿ, ಥ್ಯಾಂಕ್ಸ್ ಹೇಳಿ ಮುಗಿಯುತ್ತದೆ. ಉಪದೇಶವನ್ನು ಚಾಚೂ ತಪ್ಪದೆ ಪಾಲಿಸಿದ ಅನುವಾದ ಹೀಗಿರುತ್ತದೆ:

‘ಹಾಯ್ ಮಹದೇವ, ನೀವು ಚೆನ್ನಾಗಿದ್ದೀರಿ ಎಂದು ಭಾವಿಸುತ್ತೇನೆ. ನೀವು ಶುಕ್ರವಾರ ಬೆಳಿಗ್ಗೆ 5 ಗಂಟೆಯೊಳಗೆ ಮೆಟ್ಟಿಲುಗಳ ಬುಡದಲ್ಲಿ ಇರಬೇಕು. ಕಳೆದ ವಾರ ರಮೇಶ್ ತಡವಾಗಿ ಬಂದಿದ್ದನು, ದಯವಿಟ್ಟು ನೀವು ಅವನೊಂದಿಗೆ ಮಾತನಾಡಿ. ಮುಖ್ಯ ಕಚೇರಿಯ ಮೇಡಂ ಭೇಟಿ ನೀಡಬಹುದು, ಅವರು ಹಾಜರಿ ಪುಸ್ತಕವನ್ನು ನೋಡಲು ಬಯಸುತ್ತಾರೆ. ನೀವು ಬರಲು ಸಾಧ್ಯವಾಗದಿದ್ದರೆ ದಯವಿಟ್ಟು ನನಗೆ ತಿಳಿಸಿ. ಧನ್ಯವಾದಗಳು.’

ಇದರಲ್ಲಿ ‘ನೀವು’ ನಾಲ್ಕು ಸಲ ಬಂದಿದೆ, ಒಂದೂ ಕೆಲಸ ಮಾಡಿಲ್ಲ. ಕೆಲಸ ಮಾಡಿರುವುದು, ಅಂದರೆ ಕೆಡಿಸಿರುವುದು, ನಾಲ್ಕು ಕಡೆ.

ಮೊದಲನೆಯದು ಕರೆ. ಬರಿಯ ‘ಮಹದೇವ’ ಎಂದು ಕರೆದಾದ ಮೇಲೆ ಮುಂದೆ ಎಷ್ಟು ‘ನೀವು’ ಸುರಿದರೂ ಹಿರಿಯನ ಕಿವಿಯಲ್ಲಿ ಉಳಿಯುವುದು ಆ ಬೋಳು ಹೆಸರೇ. ಇಂಗ್ಲಿಷ್ ಕಚೇರಿಯಲ್ಲಿ ಮೊದಲ ಹೆಸರು ಸಮಾನತೆಯ ಗುರುತು. ಕನ್ನಡದಲ್ಲಿ ಮೂವತ್ತರವನು ಐವತ್ತೆಂಟರವರನ್ನು ಬೋಳು ಹೆಸರಿನಿಂದ ಕರೆಯಬಹುದಾದದ್ದು ಯಜಮಾನನಾದಾಗ ಮಾತ್ರ. ಹಳೆಯ ಕನ್ನಡ ಕಾಗದಗಳು ಇದನ್ನು ಚೆನ್ನಾಗಿ ಬಲ್ಲವು. ತಂದೆಗೆ ‘ತೀರ್ಥರೂಪು’, ಕಿರಿಯರಿಗೆ ‘ಚಿರಂಜೀವಿ’, ಹೊರಗಿನವರಿಗೆ ‘ಶ್ರೀಯುತ’; ಆಮೇಲೆ ಉಭಯಕುಶಲೋಪರಿ, ಕೊನೆಗೆ ‘ಇಂತಿ ನಿಮ್ಮ’. ಸಂಬಂಧ ಯಾವುದು ಎಂಬುದು ಮೊದಲ ಸಾಲಿನಲ್ಲೇ ಇತ್ಯರ್ಥವಾಗುತ್ತಿತ್ತು, ಸರ್ವನಾಮ ಅದರ ಹಿಂದೆ ನಡೆಯುತ್ತಿತ್ತು. ಆ ಒಕ್ಕಣೆಗಳನ್ನು ಮರಳಿ ತರಬೇಕು ಎನ್ನುತ್ತಿಲ್ಲ, ಅವು ಹೋದದ್ದೇ ಸರಿ. ಅವು ನಿಭಾಯಿಸುತ್ತಿದ್ದ ಕೆಲಸ ಮಾತ್ರ ಇನ್ನೂ ಹಾಗೇ ಉಳಿದಿದೆ. ‘ಹೋಪ್ ಯು ಆರ್ ಡೂಯಿಂಗ್ ವೆಲ್’ ಎಂಬುದಕ್ಕೆ ಒಂದು ‘ನಮಸ್ಕಾರ’ ಸಾಕು. ಚೆನ್ನಾಗಿದ್ದೀರಿ ಎಂದು ‘ಭಾವಿಸುವ’ ಮನುಷ್ಯ ಮೈಸೂರಿನ ಯಾವ ಬೀದಿಯಲ್ಲೂ ಸಿಗುವುದಿಲ್ಲ.

ಹಾಗಾದರೆ ‘ಮಹದೇವಣ್ಣ’ ಎನ್ನೋಣವೇ? ಸಂಬಂಧವಾಚಕ ಕಚೇರಿಗೆ ಹೊಂದುವುದಿಲ್ಲ ಎಂಬುದು ಒಂದು ವಾದ. ಅದು ಆಡುವ ರೂಢಿಯನ್ನು ಕಡೆಗಣಿಸುತ್ತದೆ. ಬೆಟ್ಟದಲ್ಲಿ ಆ ಮ್ಯಾನೇಜರ್ ಎದುರು ನಿಂತರೆ ಬಾಯಿಗೆ ಬರುವುದು ಬಹುಶಃ ಅದೇ ಕರೆ. ಅದಕ್ಕೆ ವಿರುದ್ಧವಾದ ವಾದವೂ ಇದೆ, ಅದು ಇದಕ್ಕಿಂತ ಗಟ್ಟಿ. ಅಣ್ಣ ಎಂದು ಕರೆದವನು ಹೆಚ್ಚುವರಿ ದುಡಿಮೆಗೆ ಲೆಕ್ಕ ಕೊಡಬೇಕಾದ ಕಡೆ ಸಲುಗೆ ಕೊಟ್ಟು ಮುಗಿಸಬಹುದು. ಬೆಳಗಿನ ಜಾವ ಐದಕ್ಕೆ ಕರೆಸಿಕೊಳ್ಳುವ ಪತ್ರದಲ್ಲಿ ‘ಅಣ್ಣ’ ಬಂದರೆ ‘ಆಗುವುದಿಲ್ಲ’ ಎನ್ನುವುದು ಕಷ್ಟವಾಗುತ್ತದೆ. ಅವರಿಬ್ಬರ ನಡುವೆ ಮುಖತಃ ಆ ಕರೆ ಮೊದಲೇ ನಡೆದಿದ್ದರೆ ಅದನ್ನೇ ಇಡಬೇಕು; ಅನುವಾದಕರು ತಾವೇ ಹುಟ್ಟಿಸಬಾರದು. ಗೊತ್ತಿಲ್ಲದಿದ್ದರೆ ‘ಮಹದೇವ ಅವರೇ’ ಎಂಬುದು ಸ್ವಲ್ಪ ವೇದಿಕೆಯ ವಾಸನೆಯಿದ್ದರೂ ಯಾರ ಸಾಲವನ್ನೂ ಹೊರಿಸದ ಕರೆ. ಕೈಕೆಳಗಿನವರಿಗೆ ‘ಸಾರ್’ ಎಂದರೆ ಹಲವರ ಕಿವಿಗೆ ಅದು ಕುಚೋದ್ಯವಾಗಿ ಬೀಳುತ್ತದೆ, ಬೇಡ.

ಎರಡನೆಯದು ‘ನೀವು’ ಎಂಬುದರ ಎಣಿಕೆ. ಕನ್ನಡದ ಕ್ರಿಯಾಪದ ಕರ್ತೃವನ್ನು ತನ್ನ ಬಾಲದಲ್ಲೇ ಹೊತ್ತಿರುತ್ತದೆ. ‘ಬನ್ನಿ’ ಎಂದರೆ ಯಾರು ಬರಬೇಕೆಂದು ಬೇರೆ ಹೇಳಬೇಕಿಲ್ಲ. ಇಂಗ್ಲಿಷಿಗೆ ‘ಯು’ ವ್ಯಾಕರಣದ ಅನಿವಾರ್ಯ; ನಮಗೆ ‘ನೀವು’ ಬೇಕಾದಾಗ ಒತ್ತು ಕೊಡಲು ಇಟ್ಟುಕೊಂಡ ಮಾತು. ಇಂಗ್ಲಿಷಿನ ಪ್ರತಿ ‘ಯು’ಗೂ ಒಂದು ‘ನೀವು’ ಕೊಟ್ಟರೆ ಪ್ರತಿ ವಾಕ್ಯವೂ ಬೆರಳು ತೋರಿಸಿ ಹೇಳಿದಂತಾಗುತ್ತದೆ. ‘ದಯವಿಟ್ಟು ನೀವು ಅವನೊಂದಿಗೆ ಮಾತನಾಡಿ’ ಎಂಬುದರಲ್ಲಿ, ಇದುವರೆಗೆ ನೀವು ಮಾತನಾಡಿಲ್ಲ ಎಂಬ ದೂರು ಕೇಳಿಸುತ್ತದೆ. ಮೂಲದಲ್ಲಿ ಆ ದೂರಿಲ್ಲ. ಮರ್ಯಾದೆಗೆಂದು ಸೇರಿಸಿದ ಶಬ್ದವೇ ಆಪಾದನೆಯಾಗುವ ಬಗೆ ಇದು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ತೊಡಕಿದೆ. ‘ನೀವು’ ಒಬ್ಬರಿಗೆ ಕೊಡುವ ಗೌರವವೂ ಹೌದು, ಹಲವರನ್ನು ಸೂಚಿಸುವ ಬಹುವಚನವೂ ಹೌದು. ‘ನೀವು ಐದು ಗಂಟೆಯೊಳಗೆ ಇರಬೇಕು’ ಎಂಬುದನ್ನು ಮಹದೇವ ತಮ್ಮ ಹುಡುಗರ ಮುಂದೆ ಓದಿದರೆ, ಬರಬೇಕಾದವರು ಅವರೊಬ್ಬರೋ ಇಡೀ ತಂಡವೋ? ಇಂಗ್ಲಿಷಿನ ‘ಯು’ಗೂ ಇದೇ ಕುಂದು ಇದೆ, ನಿಜ. ಆದರೆ ‘ಹಾಯ್ ಮಹದೇವ’ ಎಂದು ಒಬ್ಬನ ಹೆಸರಿಗೆ ಬಂದದ್ದನ್ನು ಇಂಗ್ಲಿಷ್ ಓದುಗ ಒಬ್ಬನಿಗೇ ಬಂದದ್ದೆಂದು ಓದಿಕೊಳ್ಳುತ್ತಾನೆ. ಸೂಪರ್‌ವೈಸರಿಗೆ ಬಂದ ಕನ್ನಡದ ಸೂಚನೆಯನ್ನು ತಂಡಕ್ಕೆ ಬಂದದ್ದೆಂದು ಓದುವುದೇ ರೂಢಿ. ‘ಎಲ್ಲರೂ ಬರಬೇಕಾ ಸಾರ್?’ ಎಂದು ಫೋನ್ ಬಂದರೆ ಅನುವಾದ ಸೋತಿದೆ ಎಂದೇ ಅರ್ಥ. ಫೋನ್ ಬರದೆ ಎಂಟು ಜನ ಕತ್ತಲಲ್ಲಿ ಬಸ್ಸಿಲ್ಲದೆ ನಡೆದು ಬಂದರೆ ಇನ್ನೂ ದೊಡ್ಡ ಸೋಲು. ‘ನೀವೊಬ್ಬರು’, ‘ನೀವೆಲ್ಲ’, ‘ನಿಮ್ಮ ಕಡೆಯವರು’ ಎಂಬ ಸಲೀಸಾದ ಮಾತುಗಳು ಇರುವುದೇ ಇದಕ್ಕೆ. ಯಾವುದನ್ನು ಬಳಸಬೇಕೆಂದು ಮಾತ್ರ ಮ್ಯಾನೇಜರನ್ನು ಕೇಳಬೇಕು, ಊಹಿಸಬಾರದು.

ಮೂರನೆಯದು ಆಜ್ಞೆಯ ರೂಪ. ‘ಬಾ’ ಮತ್ತು ‘ಬನ್ನಿ’ಗಳ ನಡುವೆ ಆರಿಸುವುದೇ ಕೆಲಸ ಎಂದುಕೊಂಡವರು ಏಣಿಯ ಎರಡೇ ಮೆಟ್ಟಿಲು ಕಂಡಿದ್ದಾರೆ. ಬನ್ನಿ, ಬರಬೇಕು, ಬರುವುದು, ಬರತಕ್ಕದ್ದು, ಬರಬೇಕಾಗಿ ಕೋರಿದೆ, ಬರುವಂತೆ ಸೂಚಿಸಲಾಗಿದೆ ಎಂದು ಅದು ಮೇಲಕ್ಕೆ ಹೋಗುತ್ತದೆ. ಎಲ್ಲವೂ ‘ನೀವು’ ಎಂಬುದಕ್ಕೆ ಹೊಂದುತ್ತವೆ, ಒಂದೊಂದರಲ್ಲಿ ಒಬ್ಬೊಬ್ಬ ಬೇರೆಯೇ ಮನುಷ್ಯ ಮಾತಾಡುತ್ತಾನೆ. ‘ಬರತಕ್ಕದ್ದು’ ಎಂಬಲ್ಲಿ ಕಾಯ್ದೆ ಮಾತಾಡುತ್ತದೆ. ‘ಬರುವುದು’ ಎಂಬಲ್ಲಿ ಸುತ್ತೋಲೆ. ‘ಸೂಚಿಸಲಾಗಿದೆ’ ಎಂಬಲ್ಲಿ ಯಾರೂ ಮಾತಾಡುವುದಿಲ್ಲ. ‘ಐ ನೀಡ್ ಯು’ ಎಂದ ಮ್ಯಾನೇಜರ್ ತನ್ನ ಅಗತ್ಯವನ್ನು ತಾನೇ ಹೊತ್ತಿದ್ದಾನೆ. ಅದಕ್ಕೆ ಬರಿಯ ‘ಇರಬೇಕು’ ಸರಿಹೋಗುತ್ತದೆ. ಒತ್ತಾಯವಿದೆ, ಒತ್ತಾಯಿಸುವವನೂ ಕಾಣುತ್ತಾನೆ.

‘ದಯವಿಟ್ಟು’ ಎಂಬುದರ ಕಥೆಯೂ ಇಲ್ಲೇ ಸೇರಬೇಕು. ಇಂಗ್ಲಿಷಿನ ‘ಪ್ಲೀಸ್’ ಆಜ್ಞೆಯ ಮೊನೆ ಮೊಂಡಾಗಿಸುವ ಸಣ್ಣ ಪದ, ನಾಲಗೆಯ ತುದಿಯಲ್ಲಿರುತ್ತದೆ. ‘ದಯವಿಟ್ಟು’ ಹಾಗಲ್ಲ. ಅದು ಅರ್ಜಿಯಲ್ಲಿ ಅಂಗಲಾಚುವಾಗ ಬರುತ್ತದೆ, ಇಲ್ಲವೆ ಬಸ್ ನಿಲ್ದಾಣದ ಮೈಕಿನಲ್ಲಿ ‘ದಯವಿಟ್ಟು ಗಮನಿಸಿ’ ಎಂದು ಕೇಳಿಸುತ್ತದೆ. ಮೇಲಿನವನು ಕೆಳಗಿನವರಿಗೆ ಸಣ್ಣ ಪತ್ರದಲ್ಲಿ ಅದನ್ನು ಮತ್ತೆ ಮತ್ತೆ ಹೇಳಿದರೆ ಒಂದೋ ಅಣಕದಂತೆ ಕೇಳಿಸುತ್ತದೆ, ಇಲ್ಲವೆ ಯಾರೋ ಪ್ರಕಟಣೆ ಓದುತ್ತಿರುವಂತೆ. ಮೈಸೂರಿನ ಮಾತಿನಲ್ಲಿ ಆ ಮೆದುತನಕ್ಕೆ ಬೇರೆ ಉಪಾಯಗಳಿವೆ: ‘ಸ್ವಲ್ಪ ನೋಡಿ’, ‘ಒಂದ್ಸಲ ಮಾತಾಡಿ’, ‘ಬರ್ತೀರಾ?’. ಒಂದು ‘ಸ್ವಲ್ಪ’ ಮಾಡುವ ಕೆಲಸವನ್ನು ಮೂರು ‘ದಯವಿಟ್ಟು’ಗಳೂ ಮಾಡಲಾರವು. ಬರಹಕ್ಕೆ ಇವು ಹಗುರವಾದವು ಎಂಬ ಆಕ್ಷೇಪ ಬರುತ್ತದೆ. ಸಂಸ್ಥೆಯ ಗುತ್ತಿಗೆ ಪತ್ರಕ್ಕೆ ಆ ಆಕ್ಷೇಪ ಸರಿ. ಐದು ವಾಕ್ಯದ ಮೇಲ್ ಆಡುಮಾತಿನ ನೆರೆಯಲ್ಲೇ ಇರುವ ಬರಹ, ಅದರ ಇಂಗ್ಲಿಷ್ ಮೂಲವೂ ಹಾಗೇ ಇದೆ.

ನಾಲ್ಕನೆಯದನ್ನು ಯಾವ ಉಪದೇಶವೂ ಮುಟ್ಟುವುದಿಲ್ಲ. ನನ್ನ ಮುಖ್ಯ ಜಗಳ ಇದರ ಮೇಲೆಯೇ. ಅದು ಎದುರಿಗಿಲ್ಲದವರ ಮಾತು. ಬ್ರೌನ್–ಗಿಲ್‌ಮನ್ ಚೌಕಟ್ಟು ಮಧ್ಯಮ ಪುರುಷಕ್ಕಾಗಿ ಕಟ್ಟಿದ್ದು. ಫ್ರೆಂಚಿನಲ್ಲಿ ‘ಅವನು’ ಎಂಬುದಕ್ಕೆ ಮರ್ಯಾದೆಯ ಇನ್ನೊಂದು ರೂಪವಿಲ್ಲದ್ದರಿಂದ ಅಲ್ಲಿ ಅದು ಸಾಕಾಯಿತು. ಕನ್ನಡದಲ್ಲಿ ಅವನು, ಆತ, ಅವರು; ಅವಳು, ಆಕೆ, ಅವರು ಎಂದು ಮೂರು ಮಜಲು. ಜೊತೆಗೆ ಬಂದ–ಬಂದರು ಎಂದು ಕ್ರಿಯಾಪದವೂ ಸಾಕ್ಷಿ ಹೇಳುತ್ತದೆ. ನಮ್ಮ ಪತ್ರಿಕೆಗಳನ್ನೇ ನೋಡಿ. ಸಚಿವರು ‘ಹೇಳಿದರು’, ಆರೋಪಿ ‘ಪರಾರಿಯಾಗಿದ್ದಾನೆ’. ತೀರ್ಪು ಬರುವ ಮೊದಲೇ ಪ್ರತ್ಯಯ ತೀರ್ಪು ಕೊಟ್ಟಿರುತ್ತದೆ. ಕನ್ನಡದಲ್ಲಿ ಮನುಷ್ಯರನ್ನು ತೂಗುವ ತಕ್ಕಡಿ ಇರುವುದು ಮಧ್ಯಮ ಪುರುಷದಲ್ಲಲ್ಲ, ಪ್ರಥಮ ಪುರುಷದಲ್ಲಿ. ಎದುರಿಗಿರುವವರಿಗೆ ಯಾರಾದರೂ ಮರ್ಯಾದೆ ಕೊಟ್ಟಾರು. ಎದ್ದು ಹೋದವರ ಬಗ್ಗೆ ಬಳಸುವ ಬಾಲಪ್ರತ್ಯಯ ನಮ್ಮ ಮನಸ್ಸಿನದು.

ನಮ್ಮ ಪತ್ರದಲ್ಲಿ ‘ರಮೇಶ್ ತಡವಾಗಿ ಬಂದಿದ್ದನು, ಅವನೊಂದಿಗೆ ಮಾತನಾಡಿ’ ಎಂದೂ, ಮುಂದಿನ ವಾಕ್ಯದಲ್ಲೇ ‘ಮೇಡಂ, ಅವರು’ ಎಂದೂ ಇದೆ. ಮೂಲದಲ್ಲಿ ‘ಹೀ’ ಮತ್ತು ‘ಶೀ’ ಒಂದೇ ಎತ್ತರದಲ್ಲಿದ್ದವು. ಅನುವಾದದಲ್ಲಿ ಒಬ್ಬ ಕೆಳಗಿಳಿದ, ಒಬ್ಬರು ಮೇಲೇರಿದರು. ಈ ಮೇಲು–ಕೆಳಗನ್ನು ಮ್ಯಾನೇಜರ್ ಬರೆಯಲಿಲ್ಲ. ಅದು ಅನುವಾದಕರ ಕೊಡುಗೆ. ಸರ್ವನಾಮದಲ್ಲಿ ‘ನೀವು’ ಇಟ್ಟು ನಿಶ್ಚಿಂತರಾದದ್ದರಿಂದಲೇ ಇದು ಕಣ್ಣಿಗೆ ಬೀಳಲಿಲ್ಲ.

ರಮೇಶ ಕಿರಿಯ, ಮ್ಯಾನೇಜರಿನ ಬಾಯಲ್ಲೂ ಅವನು ‘ಅವನೇ’ ಆಗಿರಬಹುದು ಎಂದು ವಾದಿಸಬಹುದು. ಇರಬಹುದು. ಆದರೆ ಕನ್ನಡದಲ್ಲಿ ಪ್ರಥಮ ಪುರುಷದ ಮರ್ಯಾದೆ ಹೇಳುವವನಿಗೂ ಆ ವ್ಯಕ್ತಿಗೂ ಇರುವ ನಂಟಿನಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಕೇಳುವವನಿಗೂ ಆ ವ್ಯಕ್ತಿಗೂ ಇರುವ ನಂಟು ಅಷ್ಟೇ ಮುಖ್ಯ. ಗೆಳೆಯನ ತಂದೆ ನಮ್ಮ ಓರಗೆಯವನಾಗಿದ್ದರೂ ಗೆಳೆಯನ ಮುಂದೆ ‘ನಿಮ್ಮಪ್ಪ ಬಂದ’ ಎನ್ನುವುದಿಲ್ಲ. ರಮೇಶ ಮಹದೇವರ ಅಳಿಯನಾಗಿದ್ದರೆ? ಬೆಂಗಳೂರಿನಲ್ಲಿ ಕೂತವನಿಗೆ ಅದು ಗೊತ್ತಿರುವುದಿಲ್ಲ, ಅನುವಾದಕರಿಗೂ ಗೊತ್ತಿಲ್ಲ. ಇದಕ್ಕಿಂತ ದೊಡ್ಡ ಸಂಗತಿ, ಇವತ್ತು ಯಾವ ಇ-ಮೇಲೂ ಒಬ್ಬನಲ್ಲೇ ನಿಲ್ಲುವುದಿಲ್ಲ. ಅದು ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ. ಅಲ್ಲಿ ರಮೇಶನೂ ಇದ್ದಾನೆ. ಎದುರಿಗಿಲ್ಲದವನು ಎಂದು ಭಾವಿಸಿ ಬರೆದದ್ದನ್ನು ಅವನೇ ಓದುತ್ತಾನೆ, ತನ್ನ ಜೊತೆಗಾರರ ನಡುವೆ ಕೂತು.

ತಪ್ಪಾಗಿದೆ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಅನುವಾದವನ್ನು ಅದು ತಲುಪಬೇಕಾದ ಊರಿನ ಒಬ್ಬರ ಕೈಯಲ್ಲಿ ಗಟ್ಟಿಯಾಗಿ ಓದಿಸಿ. ‘ಬಂದಿದ್ದನು’ ಎಂದು ಬರೆದಿರುವುದನ್ನು ಅವರು ತಮಗೇ ತಿಳಿಯದಂತೆ ‘ಬಂದಿದ್ರು’ ಎಂದು ತಿರುಗಿಸಿ ಓದಿದರೆ, ಆ ಜಾಗದಲ್ಲಿ ನಿಮ್ಮ ಪ್ರತ್ಯಯ ಸೋತಿತು. ತಡವರಿಸಿ ನಿಂತ ಕಡೆಯಲ್ಲೆಲ್ಲ ಒಂದು ಸಂಬಂಧ ತಪ್ಪಿದೆ ಎಂದು ಗುರುತು ಹಾಕಿಕೊಳ್ಳಬಹುದು.

ಪರಿಹಾರ ಎಲ್ಲರಿಗೂ ‘ಅವರು’ ಹಚ್ಚುವುದು ಎಂದು ಕೆಲವರು ಹೇಳುತ್ತಾರೆ. ಸಂಶಯವಿದ್ದಾಗ ನಾನೂ ಅದನ್ನೇ ಹೇಳುತ್ತೇನೆ, ಹೆಚ್ಚಾದ ಮರ್ಯಾದೆಯಿಂದ ಯಾರ ಮುಖವೂ ಸಣ್ಣದಾಗುವುದಿಲ್ಲ. ಆದರೂ ಇಪ್ಪತ್ತರ ಹುಡುಗನನ್ನು ಅವನ ಸೂಪರ್‌ವೈಸರಿನ ಮುಂದೆ ‘ರಮೇಶ್ ಅವರು’ ಎಂದರೆ ನೋಟಿಸಿನ ಚಳಿ ಹೊಡೆಯುವುದುಂಟು. ಕನ್ನಡ ಇದಕ್ಕೂ ಒಂದು ಹಾದಿ ಇಟ್ಟಿದೆ, ಕೃದಂತದ ನಪುಂಸಕ ರೂಪ. ‘ರಮೇಶ್ ಬಂದದ್ದು ತಡವಾಯಿತು’ ಎಂದರೆ ಬಂದ, ಬಂದರುಗಳ ಹಂಗಿಲ್ಲ. ತಡವಾದದ್ದು ಬರುವಿಕೆ, ಮನುಷ್ಯನಲ್ಲ. ಮುಂದೆ ‘ಒಂದು ಸಲ ಮಾತಾಡಿ ನೋಡಿ’ ಎಂದರೆ ಯಾರೊಡನೆ ಎಂಬುದು ತಾನೇ ತಿಳಿಯುತ್ತದೆ, ‘ಅವನೊಂದಿಗೆ’ ಬೇಕಾಗುವುದಿಲ್ಲ. ನುರಿತ ಕನ್ನಡಿಗರು ಮಾತಿನಲ್ಲಿ ದಿನವೂ ಬಳಸುವ ಜಾಣತನ ಇದು. ಇದಕ್ಕೆ ಮಿತಿಯೂ ಇದೆ. ಮ್ಯಾನೇಜರ್ ನಿಜಕ್ಕೂ ಗದರಿಸಲು ಬರೆದಿದ್ದರೆ ನಪುಂಸಕದ ಮರೆ ಅವನ ಮಾತನ್ನು ಮೊಂಡು ಮಾಡುತ್ತದೆ. ಪತ್ರದ ತುಂಬ ಇದನ್ನೇ ಮಾಡಿದರೆ ಮನುಷ್ಯರೇ ಇಲ್ಲದ ಸುತ್ತೋಲೆಯಾಗುತ್ತದೆ. ಒಂದು ಕಡೆ ಸಾಕು.

‘ತಾವು’ ಏಕೆ ಬೇಡ ಎಂಬ ಪ್ರಶ್ನೆ ಉಳಿದಿದೆ. ಮೂಲದಲ್ಲಿ ಅದು ಆತ್ಮಾರ್ಥಕ ಸರ್ವನಾಮದ ಬಹುವಚನ. ಎದುರಿನವರನ್ನು ನೇರವಾಗಿ ಹೆಸರಿಸದೆ ಬದಿಯಿಂದ ಮುಟ್ಟುವುದರಿಂದ ಅದಕ್ಕೆ ವಿಶೇಷ ಗೌರವ ಬಂತು. ಕೆಳಗಿನಿಂದ ಮೇಲಕ್ಕೆ ಅದು ಚೆನ್ನ. ಮೇಲಿನಿಂದ ಕೆಳಕ್ಕೆ ಬಂದಾಗ ಕೇಳುವವರು ಮೊದಲು ಹುಡುಕುವುದು ವ್ಯಂಗ್ಯವನ್ನು. ‘ತಾವು ಶುಕ್ರವಾರ ದಯಮಾಡಿಸಬೇಕು’ ಎಂದು ಮ್ಯಾನೇಜರಿನಿಂದ ಬಂದರೆ ಮಹದೇವ ತಮ್ಮ ತಪ್ಪೇನೆಂದು ಯೋಚಿಸುತ್ತಾ ಕೂರುತ್ತಾರೆ. ಎಷ್ಟು ಎತ್ತರ ಹತ್ತಿದರೆ ಅಷ್ಟು ಕ್ಷೇಮ ಎಂಬ ನಂಬಿಕೆ ಇಲ್ಲಿ ನೇರವಾಗಿ ಕೈಕೊಡುತ್ತದೆ.

ಇನ್ನೊಂದು ತುದಿಯಲ್ಲಿರುವವರು, ಇಂದಿನ ಕಚೇರಿಗಳಲ್ಲಿ ಎಲ್ಲರೂ ಗೆಳೆಯರು, ಮೂಲದ ‘ಹಾಯ್’ ಸಲುಗೆಯದು, ‘ನೀನು’ ಏಕಾಗಬಾರದು ಎನ್ನುತ್ತಾರೆ. ‘ನೀನು’ ತನ್ನಷ್ಟಕ್ಕೆ ಕೀಳಲ್ಲ ಎಂಬುದಕ್ಕೆ ಈ ಬೆಟ್ಟಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಗರ್ಭಗುಡಿಯ ಮುಂದೆ ಮಂತ್ರಿಯೂ ಕೂಲಿಯೂ ಚಾಮುಂಡಿಗೆ ‘ತಾಯಿ, ನೀನೇ ಕಾಪಾಡಮ್ಮ’ ಎಂದೇ ಹೇಳುವುದು. ಅಲ್ಲಿ ‘ನೀವು’ ಎಂದರೆ ಭಕ್ತಿ ಒಡೆಯುತ್ತದೆ. ಆದರೆ ಆ ‘ನೀನು’ ಹೋಗುವುದು ಕೆಳಗಿನಿಂದ ಮೇಲಕ್ಕೆ, ಮಗುವಿನಿಂದ ತಾಯಿಗೆ. ಸಂಬಳ ಕೊಡುವವನಿಂದ ಕೆಳಗಿಳಿಯುವ ‘ನೀನು’ ಸಲುಗೆಯಾಗಬೇಕಾದರೆ ಮಹದೇವರೂ ತಿರುಗಿ ಅವನಿಗೆ ‘ನೀನು’ ಎನ್ನುವಂತಿರಬೇಕು. ಹಿಂದಿರುಗಿ ಬಾರದ ಏಕವಚನ ಸಲುಗೆಯಲ್ಲ, ಹಳೆಯ ‘ಲೇ’ಯ ಹೊಸ ಉಡುಪು.

ಇಷ್ಟನ್ನೂ ಗಮನದಲ್ಲಿಟ್ಟು, ಮ್ಯಾನೇಜರನ್ನು ಕೇಳಿ ಐದಕ್ಕೆ ಬರಬೇಕಾದವರು ಮಹದೇವ ಒಬ್ಬರೇ ಎಂದು ಖಚಿತಪಡಿಸಿಕೊಂಡ ಮೇಲೆ, ನಾನು ಬರೆಯುವುದು ಹೀಗೆ:

‘ಮಹದೇವ ಅವರೇ, ನಮಸ್ಕಾರ. ಈ ಶುಕ್ರವಾರ ಬೆಳಗಿನ ಜಾವ ಐದರೊಳಗೆ ನೀವೊಬ್ಬರು ಮೆಟ್ಟಿಲ ಪಾದದ ಹತ್ತಿರ ಇರಬೇಕು. ಹೋದ ವಾರ ರಮೇಶ್ ಬಂದದ್ದು ತಡವಾಯಿತು, ಒಂದು ಸಲ ಮಾತಾಡಿ ನೋಡಿ. ಹೆಡ್ ಆಫೀಸಿನಿಂದ ಮೇಡಂ ಬರಬಹುದು, ಬಂದರೆ ಹಾಜರಿ ಪುಸ್ತಕ ನೋಡುತ್ತಾರೆ. ಬರುವುದಕ್ಕೆ ಆಗದಿದ್ದರೆ ನನಗೆ ತಿಳಿಸಿ.’

‘ನೀವು’ ಇಲ್ಲಿ ಒಂದೇ ಸಲ ಬಂದಿದೆ, ಅದೂ ‘ಒಬ್ಬರು’ ಎಂಬುದಕ್ಕೆ ಜೋತುಬಿದ್ದು, ಮಾಹಿತಿ ಹೊತ್ತುಕೊಂಡು. ‘ದಯವಿಟ್ಟು’ ಇಲ್ಲವೇ ಇಲ್ಲ. ಮರ್ಯಾದೆ ಕರೆಯಲ್ಲಿದೆ, ಕ್ರಿಯಾಪದಗಳ ಕೊನೆಯಲ್ಲಿದೆ, ರಮೇಶನ ಮಾತನ್ನು ತಿರುಗಿಸಿದ ಬಗೆಯಲ್ಲಿದೆ. ‘ಥ್ಯಾಂಕ್ಸ್’ ಬಿಟ್ಟಿದ್ದೇನೆ. ಇನ್ನೂ ಮಾಡದ ಕೆಲಸಕ್ಕೆ ಮುಂಗಡವಾಗಿ ಧನ್ಯವಾದ ಹೇಳಿದರೆ ಕನ್ನಡದಲ್ಲಿ ‘ಮಾಡಿಯೇ ತೀರಬೇಕು’ ಎಂದು ಕೇಳಿಸುತ್ತದೆ. ಇದನ್ನು ಒಪ್ಪದವರಿರಬಹುದು, ಅವರು ಕೊನೆಗೊಂದು ‘ವಂದನೆಗಳು’ ಇಟ್ಟುಕೊಳ್ಳಲಿ.

ಇಷ್ಟೆಲ್ಲ ಮಾಡಲು ಹೊತ್ತೆಲ್ಲಿದೆ ಎಂಬುದು ಕೊನೆಯ ಆಕ್ಷೇಪ. ದಿನಕ್ಕೆ ಹತ್ತಾರು ಮೇಲ್ ತಿರುಗಿಸುವವರಿಗೆ ಸಿದ್ಧಸೂತ್ರ ಬೇಕೇಬೇಕು, ಸರಿ. ಹಾಗಾದರೆ ಸೂತ್ರವನ್ನೇ ಬದಲಿಸೋಣ. ಕೆಲಸ ಒಪ್ಪಿಸಿದವರಿಗೆ ಅನುವಾದಕರು ಮೂರು ಪ್ರಶ್ನೆ ಕೇಳಲಿ: ಇವರನ್ನು ಮುಖತಃ ಏನೆಂದು ಕರೆಯುತ್ತೀರಿ? ಈ ‘ಯು’ ಒಬ್ಬರೋ ಹಲವರೋ? ಪತ್ರದಲ್ಲಿ ಹೆಸರು ಬಂದಿರುವ ಉಳಿದವರು ಇದನ್ನು ಓದುತ್ತಾರೆಯೇ? ಎರಡು ನಿಮಿಷದ ಫೋನಿಗೆ ಇಷ್ಟು ಸಾಕು. ‘ನೀನಾ ನೀವಾ?’ ಎಂದು ಕೇಳುವುದಕ್ಕಿಂತ ಇವು ಹೆಚ್ಚು ಕೆಲಸಕ್ಕೆ ಬರುತ್ತವೆ, ಏಕೆಂದರೆ ಆ ಪ್ರಶ್ನೆಗೆ ಕಚೇರಿಯಲ್ಲಿ ಉತ್ತರ ಯಾವಾಗಲೂ ಒಂದೇ. ಉತ್ತರ ಸಿಗದ ದಿನ ಎದುರಿಗಿಲ್ಲದವರಿಗೆ ‘ಅವರು’ ಹಾಕಿ ಕಳಿಸಬಹುದು. ಎದುರಿಗಿರುವವರಿಗೆ ಒಂದೆರಡು ‘ನೀವು’ ಕಡಿಮೆಯಾದರೆ ಏನೂ ನಷ್ಟವಿಲ್ಲ.